ನೇರ ಕೂದಲಿಗೆ ಡಿಜಿಟಲ್ ಪರ್ಮ್: ಮೇ ತಿಂಗಳಿಂದ ದೀಪಾವಳಿಯವರೆಗೆ

ನನ್ನ ಕೂದಲು ಹುಟ್ಟಿನಿಂದಲೂ ನೇರವಾದದ್ದು. ಎಳೆಗಳ ಸಂಖ್ಯೆಗೆ ಕೊರತೆಯಿಲ್ಲ, ಆದರೆ ಒಂದೊಂದು ಎಳೆಯೂ ಬಹಳ ತೆಳುವಾಗಿರುವುದರಿಂದ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ಹೊರಟರೂ ಮಧ್ಯಾಹ್ನದ ಊಟದ ಹೊತ್ತಿಗೆ ಕೂದಲೆಲ್ಲ ನೆತ್ತಿಗೆ ಅಂಟಿಕೊಂಡು, ಬೈತಲೆ ಅಗಲವಾಗಿ ಕಾಣಿಸತೊಡಗುತ್ತದೆ. ಹಾಸನದ ಸಾಲಗಾಮೆ ರಸ್ತೆಯ ಮನೆಯಿಂದ ಬಿ.ಎಂ. ರಸ್ತೆಯ ಕಚೇರಿಗೆ ಹೆಲ್ಮೆಟ್ ಹಾಕಿಕೊಂಡು ಸ್ಕೂಟರಿನಲ್ಲಿ ಹೋಗಿಬರುವವಳಿಗೆ ಅದು ಇನ್ನಷ್ಟು ಬೇಗ ಆಗುತ್ತದೆ. ನನಗೆ ಗುಂಗುರು ಕೂದಲಿನ ಆಸೆ ಇರಲಿಲ್ಲ. ಕೂದಲು ಸ್ವಲ್ಪ ಉಬ್ಬಿ ನಿಲ್ಲಬೇಕು, ಬಿಟ್ಟಾಗ ತುಂಬಿದಂತೆ ಕಾಣಬೇಕು ಎಂಬುದಷ್ಟೇ ನನ್ನ ಬಯಕೆಯಾಗಿತ್ತು. ಕಳೆದ ಮೇ ತಿಂಗಳಿನಲ್ಲಿ, ಮದ್ದು ಮತ್ತು ಶಾಖದಿಂದ ನೇರ ಕೂದಲಿಗೆ ತೊಳೆದರೂ ಹೋಗದ ಅಲೆ ಕೊಡುವ ಡಿಜಿಟಲ್ ಪರ್ಮ್ ಮಾಡಿಸಿಕೊಂಡೆ. ಅದಕ್ಕೆ ಮುಂಚೆ ನನಗೆ ಗೊತ್ತಿಲ್ಲದಿದ್ದ ಕೆಲವು ಸಂಗತಿಗಳನ್ನು ನನ್ನಂಥದೇ ಕೂದಲಿರುವವರು ತಿಳಿದುಕೊಂಡು ಹೋಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ದಿನ ಪಾರ್ಲರಿನಲ್ಲಿ ಪರ್ಮ್ ಮಾಡಲಿಲ್ಲ, ಬರೀ ಮಾತುಕತೆ ಮತ್ತು ಪರೀಕ್ಷೆ ನಡೆಯಿತು. ಅಲ್ಲಿನ ಹುಡುಗಿ ಬೆಂಗಳೂರಿನಲ್ಲಿ ಕೆಲಸ ಕಲಿತು ಊರಿಗೆ ಮರಳಿದವಳು. "ಅಕ್ಕ, ನಿಮಗೆ ಉಬ್ಬು ಎಲ್ಲಿ ಬೇಕು? ನೆತ್ತೀಲೋ, ಕೆಳಗೋ?" ಎಂದು ಅವಳು ಕೇಳಿದಾಗ ಇದೆಂಥ ಪ್ರಶ್ನೆ ಎನ್ನಿಸಿತು. ಆರು ತಿಂಗಳ ನಂತರ ಯೋಚಿಸಿದರೆ ಅಷ್ಟೂ ಮಾತಿನಲ್ಲಿ ಮುಖ್ಯವಾದ ಪ್ರಶ್ನೆ ಅದೊಂದೇ ಆಗಿತ್ತು. ಸಾಫ್ಟ್ ಪರ್ಮ್ ಎಂದು ಅವರು ಕರೆಯುವುದು ಬಿಸಿ ಇಲ್ಲದೆ, ದ್ರಾವಣದಿಂದಲೇ ಮಾಡುವ ಪರ್ಮ್. ಡಿಜಿಟಲ್ ಪರ್ಮ್‌ನಲ್ಲಿ ಯಂತ್ರಕ್ಕೆ ವೈರಿನಿಂದ ಜೋಡಿಸಿದ ರಾಡುಗಳಿಗೆ ಕೂದಲನ್ನು ಸುತ್ತಿ ಕಾಯಿಸುತ್ತಾರೆ. ಜಪಾನ್ ಮತ್ತು ಕೊರಿಯಾಗಳಲ್ಲಿ ನೇರ ಕೂದಲಿನವರ ನಡುವೆ ಬಹಳ ಬಳಕೆಯಲ್ಲಿರುವ ವಿಧಾನವಿದು. ರಾಡು ಬಿಸಿಯಾಗುವುದರಿಂದ ಅದನ್ನು ನೆತ್ತಿಗೆ ತಾಗುವಷ್ಟು ಹತ್ತಿರ ತರಲು ಬರುವುದಿಲ್ಲ, ಬುಡದಿಂದ ನಾಲ್ಕೈದು ಬೆರಳಾದರೂ ಬಿಡಲೇಬೇಕು. ಆದ್ದರಿಂದ ಡಿಜಿಟಲ್ ಪರ್ಮ್‌ನ ಅಲೆ ಹೆಚ್ಚುಕಡಿಮೆ ಕಿವಿಯ ಮಟ್ಟದಿಂದ ಕೆಳಕ್ಕೆ ಬರುತ್ತದೆ. ನೆತ್ತಿಯ ಬಳಿ ಕೂದಲು ಎದ್ದು ನಿಲ್ಲಬೇಕಾದರೆ ಬುಡಕ್ಕೆ ಮಾತ್ರ ಬಿಸಿಯಿಲ್ಲದ ಪರ್ಮ್ ಮಾಡಬೇಕಾಗುತ್ತದೆ. ಎರಡನ್ನೂ ಒಂದೇ ದಿನ ಬೇಡವೆಂದು ಅವಳೇ ಸಲಹೆ ಕೊಟ್ಟಳು. ಕೆಳಗೆ ಅಲೆ ಬಂದು, ಪದರಗಳಾಗಿ ಕತ್ತರಿಸಿ ಭಾರ ಇಳಿಸಿದರೆ ಮೇಲೂ ಸ್ವಲ್ಪ ಸಡಿಲವಾಗುತ್ತದೆ, ಸಾಲದಿದ್ದರೆ ಬುಡದ ಕೆಲಸವನ್ನು ಆಮೇಲೆ ನೋಡೋಣ ಎಂದಳು.

ಆಮೇಲೆ ಬಂದದ್ದು ಮೆಹೆಂದಿಯ ವಿಷಯ. ನಮ್ಮ ಮನೆಯಲ್ಲಿ ಅಮ್ಮ, ಚಿಕ್ಕಮ್ಮ ಎಲ್ಲರೂ ತಲೆಗೆ ಮೆಹೆಂದಿ ಹಚ್ಚುತ್ತಾರೆ, ನಾನೂ ವರ್ಷಗಟ್ಟಲೆ ಹಚ್ಚಿದ್ದೆ. ಬಣ್ಣ ಹಾಕಿಸಿದ್ದೀರಾ ಎಂದು ಕೇಳಿದ್ದಕ್ಕೆ ಇಲ್ಲವೆಂದುಬಿಟ್ಟಿದ್ದೆ, ಏಕೆಂದರೆ ಮೆಹೆಂದಿಯನ್ನು ಬಣ್ಣವೆಂದು ನಾನು ಎಣಿಸಿಯೇ ಇರಲಿಲ್ಲ. ಅವಳು ಕೂದಲನ್ನು ಕಿಟಕಿಯ ಬೆಳಕಿಗೆ ಹಿಡಿದು, ತುದಿಯ ಕೆಂಪನ್ನು ನೋಡಿ ಮತ್ತೆ ಕೇಳಿದ್ದರಿಂದ ನಿಜ ಹೊರಬಂತು. ಮೆಹೆಂದಿ ಎಲೆಯ ಬಣ್ಣ ಎಳೆಗೆ ಹತ್ತಿಕೊಂಡುಬಿಡುವುದರಿಂದ ಪರ್ಮ್‌ನ ದ್ರಾವಣ ಎಲ್ಲ ಕಡೆ ಒಂದೇ ಸಮನಾಗಿ ಇಳಿಯುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯವಿರುವುದು ಪೊಟ್ಟಣಗಳಲ್ಲಿ ಮಾರುವ ಕೆಲವು ಕಪ್ಪು ಮೆಹೆಂದಿಗಳಲ್ಲಿ. ಅವುಗಳಲ್ಲಿ ಲೋಹದ ಲವಣಗಳು ಬೆರೆತಿದ್ದರೆ, ಪರ್ಮ್‌ನ ಎರಡನೆಯ ಹಂತದಲ್ಲಿ ಹಾಕುವ ಹೈಡ್ರೋಜನ್ ಪೆರಾಕ್ಸೈಡಿನೊಂದಿಗೆ ಸೇರಿ ಕೂದಲೇ ಕಾದು ತುಂಡಾಗಿ ಉದುರಬಹುದು.

ಅದನ್ನು ಪರೀಕ್ಷಿಸುವ ರೀತಿ ಸುಲಭವಾದದ್ದು, ಯಾರು ಬೇಕಾದರೂ ಪಾರ್ಲರಿನಲ್ಲಿ ಕೇಳಿ ಮಾಡಿಸಿಕೊಳ್ಳಬಹುದು. ಕತ್ತಿನ ಹಿಂಬದಿಯಿಂದ ಹತ್ತು ಹದಿನೈದು ಎಳೆಗಳನ್ನು ಕತ್ತರಿಸಿ, ಒಂದು ತುದಿಗೆ ಟೇಪು ಸುತ್ತಿ, ಗಾಜಿನ ಬಟ್ಟಲಿನಲ್ಲಿ ಪೆರಾಕ್ಸೈಡಿಗೆ ಕೆಲವು ಹನಿ ಅಮೋನಿಯಾ ಬೆರೆಸಿ ಅದರಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟಳು. ಲೋಹವಿದ್ದರೆ ದ್ರಾವಣ ಬಿಸಿಯಾಗುತ್ತದೆ, ಗುಳ್ಳೆ ಏಳುತ್ತದೆ, ಕೆಟ್ಟ ವಾಸನೆ ಬರುತ್ತದೆ. ನನ್ನದರಲ್ಲಿ ಕೂದಲಿನ ಬಣ್ಣ ಸ್ವಲ್ಪ ತಿಳಿಯಾಯಿತೇ ಹೊರತು ಬೇರೇನೂ ಆಗಲಿಲ್ಲ. ಬಿಸಿಯಾಗಿದ್ದರೆ ಅಂದೇ ಮನೆಗೆ ವಾಪಸು ಕಳಿಸುತ್ತಿದ್ದಳಂತೆ. ಹಾಗೆಯೇ ಹಿಂದೆ ನೇರ ಮಾಡಲೆಂದು ರೀಬಾಂಡಿಂಗ್ ಮಾಡಿಸಿದ ಕೂದಲಿಗೂ ಅವಳು ಪರ್ಮ್ ಮಾಡುವುದಿಲ್ಲ. ಒಮ್ಮೆ ಅಷ್ಟು ಬಲವಾದ ಮದ್ದು ಮತ್ತು ಇಸ್ತ್ರಿಯ ಶಾಖ ಎರಡನ್ನೂ ಉಂಡ ಎಳೆ ಮತ್ತೊಂದು ಸಲ ತಡೆದುಕೊಳ್ಳುವುದಿಲ್ಲ.

ನಾನು ಕೊನೆಯ ಸಲ ಮೆಹೆಂದಿ ಹಚ್ಚಿ ಹದಿನಾಲ್ಕು ತಿಂಗಳಾಗಿತ್ತು. ಕೂದಲು ತಿಂಗಳಿಗೆ ಸುಮಾರು 1.2 ಸೆಂ.ಮೀ. ಬೆಳೆಯುತ್ತದೆಂದು ಲೆಕ್ಕ ಹಾಕಿದರೆ ಬುಡದಿಂದ 17 ಸೆಂ.ಮೀ.ವರೆಗೆ ಮೆಹೆಂದಿ ಸೋಕದ ಕೂದಲು, ಅದರ ಕೆಳಗಿನದೆಲ್ಲ ಹಳೆಯದು. ನೆತ್ತಿಯಿಂದ 45 ಸೆಂ.ಮೀ. ಇದ್ದ ಉದ್ದವನ್ನು 35ಕ್ಕೆ ಇಳಿಸಲು ಒಪ್ಪಿಕೊಂಡೆ. ಆದರೂ ಅರ್ಧದಷ್ಟು ಹಳೆಯದೇ ಉಳಿಯಿತು. ಕಿವಿಯ ಹಿಂದಿನ ಒಂದು ಸಣ್ಣ ಎಳೆಗಟ್ಟಿಗೆ ಪರ್ಮ್‌ನ ಮೊದಲ ಹಂತದ ಕ್ರೀಮು ಹಚ್ಚಿ ನೋಡಿದಾಗ, ಹನ್ನೆರಡು ನಿಮಿಷಕ್ಕೆ ಮೇಲಿನ ಹೊಸ ಭಾಗ ಹದಕ್ಕೆ ಬಂದಿದ್ದರೆ ತುದಿ ಆಗಲೇ ಮೆತ್ತಗಾಗಿ, ಎಳೆದರೆ ಚೂಯಿಂಗ್ ಗಮ್ಮಿನಂತೆ ಉದ್ದವಾಗಿ ಹಿಂದಕ್ಕೆ ಬರಲೇ ಇಲ್ಲ. ಅದನ್ನು ಕಣ್ಣಾರೆ ನೋಡಿದ ಮೇಲೆ ಉದ್ದ ಹೋಯಿತೆಂಬ ಬೇಸರ ನನ್ನಲ್ಲಿ ಉಳಿಯಲಿಲ್ಲ. ಅದೇ ದಿನ ಕಿವಿಯ ಹಿಂದಿನ ಚರ್ಮಕ್ಕೂ ಚೂರು ಹಚ್ಚಿ, ಎರಡು ದಿನ ತುರಿಕೆ ಬಂದರೆ ಫೋನು ಮಾಡಿ ಎಂದಳು. ಬರಲಿಲ್ಲ.

ಪರ್ಮ್ ಮಾಡಿದ ದಿನ ಬೆಳಿಗ್ಗೆ ಹತ್ತಕ್ಕೆ ಕುಳಿತವಳು ಎದ್ದದ್ದು ಎರಡೂವರೆಗೆ. ಮೊದಲು ಎಣ್ಣೆ, ಕೊಳೆ, ನೀರಿನ ಲವಣ ಎಲ್ಲ ಹೋಗುವಂತೆ ಶಾಂಪೂ ಹಾಕಿ ತೊಳೆದಳು, ಕಂಡಿಷನರ್ ಹಾಕಲಿಲ್ಲ. ತುದಿಗಳಿಗೆ ಪ್ರೋಟೀನ್ ದ್ರಾವಣ ಸಿಂಪಡಿಸಿ, ಮೊದಲ ಕ್ರೀಮನ್ನು ಮೇಲಿನ ಭಾಗಕ್ಕೆ ಮುಂಚೆ, ತುದಿಗಳಿಗೆ ಐದಾರು ನಿಮಿಷ ತಡವಾಗಿ ಹಚ್ಚಿದಳು. ಈ ಕ್ರೀಮು ಕೂದಲಿನ ಕೆರಾಟಿನ್ ಒಳಗಿರುವ ಗಂಧಕದ ಕೊಂಡಿಗಳನ್ನು ಬಿಚ್ಚುತ್ತದೆ. ಬಿಚ್ಚಿದ ಮೇಲೆ ಕೂದಲಿಗೆ ಯಾವ ಆಕಾರ ಬೇಕಾದರೂ ಕೊಡಬಹುದು. ಎಷ್ಟು ಬಿಚ್ಚಬೇಕು ಎಂಬುದರಲ್ಲೇ ಇಡೀ ಕೆಲಸದ ಜಾಣ್ಮೆ ಇದೆ. ಅವಳು ಗಡಿಯಾರವನ್ನು ಹೆಚ್ಚು ನೋಡುತ್ತಿರಲಿಲ್ಲ. ನಾಲ್ಕೈದು ನಿಮಿಷಕ್ಕೊಮ್ಮೆ ಒಂದೆರಡು ಎಳೆಗಳನ್ನು ಬೆರಳಿನಲ್ಲಿ ಒರೆಸಿ, ತೋರುಬೆರಳಿಗೆ ಸುತ್ತಿ ಬಿಡುತ್ತಿದ್ದಳು. ಮೊದಮೊದಲು ಎಳೆ ತಟ್ಟನೆ ನೆಟ್ಟಗಾಗುತ್ತಿತ್ತು. ಹದಿನೈದನೆಯ ನಿಮಿಷದ ಸುಮಾರಿಗೆ ಬೆರಳಿನಿಂದ ಬಿಟ್ಟ ಮೇಲೂ ಸುರುಳಿ ಹಾಗೆಯೇ ನಿಂತಿತು, ಮೆಲ್ಲನೆ ಎಳೆದರೆ ಸ್ವಲ್ಪ ಹಿಗ್ಗಿ ಹಿಂದಕ್ಕೆ ಬಂತು. "ಸಾಕು, ಏಳಿ" ಎಂದವಳೇ ನೀರಿನ ಕೆಳಗೆ ಕೂರಿಸಿದಳು. ಲೋಳೆ ಪೂರ್ತಿ ಹೋಗುವವರೆಗೆ ತೊಳೆಯುವುದಕ್ಕೇ ಹತ್ತು ನಿಮಿಷ ಹಿಡಿಯಿತು.

ರಾಡುಗಳಿಗೆ ಸುತ್ತುವುದು ನಿಧಾನದ ಕೆಲಸ. ತುದಿಗೆ ತೆಳು ಕಾಗದ ಮಡಚಿ, ಒದ್ದೆ ಕೂದಲನ್ನು ಬಿಗಿಯಾಗಿ ಸುತ್ತಿ, ರಾಡು ಮತ್ತು ತಲೆಯ ನಡುವೆ ದಪ್ಪನೆಯ ಮೆತ್ತೆಯೊಂದನ್ನು ಸಿಕ್ಕಿಸಿ, ಒಂದೊಂದಕ್ಕೂ ಯಂತ್ರದ ವೈರು ಜೋಡಿಸುತ್ತಾರೆ. ನನಗೆ ಬೇಕಾದದ್ದು ಸಣ್ಣ ಗುಂಗುರಲ್ಲ, ದೊಡ್ಡ ಅಲೆ. ಆದ್ದರಿಂದ ದಪ್ಪ ರಾಡುಗಳನ್ನೇ ಬಳಸಿದಳು, ಒಟ್ಟು ಹದಿನಾರು. ಯಂತ್ರದ ಫಲಕದಲ್ಲಿ 80 ಡಿಗ್ರಿ ಎಂದಿತ್ತು, ಸುಮಾರು ಇಪ್ಪತ್ತು ನಿಮಿಷ ಕಾಯಿಸಿದಳು. ಎಡಗಿವಿಯ ಹಿಂದಿನ ಒಂದು ರಾಡು ಕ್ರಮೇಣ ಚುರುಗುಟ್ಟತೊಡಗಿದಾಗ, ಇಷ್ಟು ಬಿಸಿ ಇರುವುದೇ ಸಹಜವೇನೋ ಎಂದುಕೊಂಡು ನಾನು ಸುಮ್ಮನಿದ್ದದ್ದು ತಪ್ಪಾಯಿತು. ಮೆತ್ತೆ ಜಾರಿತ್ತು. ಹೇಳಿದ ಕೂಡಲೇ ಸರಿಪಡಿಸಿದಳು, ಆದರೂ ಒಂದು ರೂಪಾಯಿ ನಾಣ್ಯದಷ್ಟು ಜಾಗ ಕೆಂಪಾಗಿ ಮೂರು ದಿನ ಉರಿಯಿತು. ತಲೆಗೆ ಬೆಚ್ಚಗೆ ಅನ್ನಿಸಬಹುದು, ಚುರುಕು ಮುಟ್ಟಬಾರದು; ಮುಟ್ಟಿದ ಕ್ಷಣವೇ ಬಾಯಿಬಿಟ್ಟು ಹೇಳಬೇಕು.

ಕೂದಲು ರಾಡಿನ ಮೇಲೆಯೇ ಬಹುಪಾಲು ಒಣಗಿದ ನಂತರ ಯಂತ್ರ ಆರಿಸಿ, ತಣಿಯಲು ಬಿಟ್ಟು, ಎರಡನೆಯ ದ್ರಾವಣವನ್ನು ಎರಡು ಸಲ ಸುರಿದಳು. ಬಿಚ್ಚಿದ ಕೊಂಡಿಗಳನ್ನು ಹೊಸ ಆಕಾರದಲ್ಲಿ ಮತ್ತೆ ಹಾಕುವುದು ಇದೇ ದ್ರಾವಣ. ಇಷ್ಟೆಲ್ಲ ಆಗಿ, ರಾಡು ಬಿಚ್ಚಿ ತೊಳೆದು ಕನ್ನಡಿಯ ಮುಂದೆ ಕುಳಿತಾಗ ನನ್ನ ಎದೆ ಧಸಕ್ಕೆಂದಿತು. ಒದ್ದೆ ಕೂದಲು ಮೊದಲಿನಂತೆಯೇ ನೆಟ್ಟಗೆ ಜೋತುಬಿದ್ದಿತ್ತು, ತುದಿಯಲ್ಲಿ ಮಾತ್ರ ಒಂದಿಷ್ಟು ಬಾಗು. ನಾಲ್ಕೂವರೆ ಗಂಟೆ, ಆರೂವರೆ ಸಾವಿರ ರೂಪಾಯಿ, ಹತ್ತು ಸೆಂಟಿಮೀಟರ್ ಕೂದಲು ಎಲ್ಲ ನೀರಿನಲ್ಲಿ ಹೋಯಿತೆಂದೇ ಭಾವಿಸಿದೆ. ಆಗ ಅವಳು ಡ್ರೈಯರ್ ಹಿಡಿದು, ಒಂದೊಂದು ಹಿಡಿ ಕೂದಲನ್ನೂ ಬೆರಳಿಗೆ ಒಂದೇ ದಿಕ್ಕಿನಲ್ಲಿ ಸುತ್ತುತ್ತ ಒಣಗಿಸತೊಡಗಿದಳು. ಒಣಗಿದಷ್ಟೂ ಅಲೆ ಎದ್ದು ಬಂತು. ಡಿಜಿಟಲ್ ಪರ್ಮ್‌ನಲ್ಲಿ ಕೂದಲಿಗೆ ಆಕಾರ ಕೂರುವುದು ಒಣಗುವಾಗ. ಆದ್ದರಿಂದ ಒದ್ದೆಯಾದಾಗ ಅಲೆ ಮಲಗಿ, ಒಣಗಿದಾಗ ಏಳುತ್ತದೆ. ಬಿಸಿಯಿಲ್ಲದ ಸಾಫ್ಟ್ ಪರ್ಮ್‌ನಲ್ಲಿ ಇದು ತಿರುಗುಮುರುಗು: ಒದ್ದೆಯಲ್ಲಿ ಗುಂಗುರು ಬಿಗಿಯಾಗಿದ್ದು ಒಣಗುತ್ತ ಸಡಿಲವಾಗುತ್ತದೆ, ಅದನ್ನು ಉಳಿಸಿಕೊಳ್ಳಲು ಒದ್ದೆಯಿರುವಾಗಲೇ ನೊರೆಯಂಥ ಮೂಸ್ ಹಚ್ಚಿ ಹಿಸುಕಿ ಬಿಡಬೇಕಾಗುತ್ತದೆ. ಇದೊಂದು ಮಾತನ್ನು ಮೊದಲೇ ಹೇಳಿದ್ದರೆ ಆ ಐದು ನಿಮಿಷದ ಸಂಕಟ ನನಗೆ ಇರುತ್ತಿರಲಿಲ್ಲ.

ಎರಡು ದಿನ ನೀರು ಸೋಕಿಸಬಾರದು, ಜಡೆ ಹಾಕಬಾರದು, ಕ್ಲಿಪ್ಪು ಚುಚ್ಚಬಾರದು ಎಂದಿದ್ದಳು. ಬಾಗಿಲಲ್ಲೇ ಅಮ್ಮ, "ಅಯ್ಯೋ, ಏನೇ ಇದು ವಾಸ್ನೆ! ತಲೆಗೆ ಏನ್ ಹಾಕಿಸ್ಕೊಂಡು ಬಂದೆ?" ಎಂದರು. ಕೊಳೆತ ಮೊಟ್ಟೆಗೂ ಅಮೋನಿಯಾಕ್ಕೂ ನಡುವಿನ ವಾಸನೆಯದು, ಆ ಕ್ರೀಮಿನ ಗಂಧಕದ್ದು. ಎರಡು ದಿನದ ನಂತರ ತೊಳೆದರೂ ಪೂರ್ತಿ ಹೋಗಲಿಲ್ಲ, ಮೂರು ವಾರದವರೆಗೆ ಕೂದಲು ಒದ್ದೆಯಾದಾಗಲೆಲ್ಲ ತೆಳುವಾಗಿ ಮರಳುತ್ತಿತ್ತು. ದಿನದಿನಕ್ಕೆ ಕಡಿಮೆಯಾಗುತ್ತ ಬಂದರೆ ಚಿಂತೆಯಿಲ್ಲ. ಕಡಿಮೆಯಾಗದೆ, ಕೂದಲು ಒದ್ದೆಯಾದಾಗ ಲೋಳೆಲೋಳೆಯಾಗಿ ಎನಿಸಿದರೆ ಮಾತ್ರ ಕ್ರೀಮು ಸರಿಯಾಗಿ ಹೋಗಿಲ್ಲವೆಂದು ಅನುಮಾನಿಸಿ ಪಾರ್ಲರಿಗೆ ಮರಳಬೇಕು.

ಮೊದಲ ಸ್ನಾನದ ನಂತರ ಒಂದು ದೋಷ ಕಣ್ಣಿಗೆ ಬಿತ್ತು. ಎಡಗಡೆ ಕೆಳಪದರದ ಒಂದು ಹಿಡಿಯಷ್ಟು ಕೂದಲು ಒಣಗಿದ ಮೇಲೂ ನೇರವಾಗಿಯೇ ಉಳಿಯಿತು, ಮುಟ್ಟಿದರೆ ನುಣುಪಾಗಿತ್ತು. ಪಾರ್ಲರಿನವಳು ನೋಡಿ, ಆ ರಾಡಿಗೆ ಕೂದಲು ಜಾಸ್ತಿಯಾಗಿತ್ತು, ಒಳಗಿನ ಪದರಗಳಿಗೆ ಶಾಖವೂ ಎರಡನೆಯ ದ್ರಾವಣವೂ ಸರಿಯಾಗಿ ಮುಟ್ಟಿಲ್ಲ ಎಂದು ಒಪ್ಪಿಕೊಂಡಳು. ನುಣುಪಾಗಿದೆಯೆಂದರೆ ಕೂದಲು ಸುಟ್ಟಿಲ್ಲ, ಹಿಡಿದಿಲ್ಲ ಅಷ್ಟೆ. ಅಲೆಯೂ ಇಲ್ಲದೆ, ಮುಟ್ಟಿದರೆ ಹುಲ್ಲಿನಂತೆ ಒರಟಾಗಿ, ತುದಿಗಳು ಬಿಳಿಚಿ ತುಂಡಾಗುತ್ತಿದ್ದರೆ ಅದು ಅತಿಯಾಗಿ ಬೆಂದ ಲಕ್ಷಣ, ಅದಕ್ಕೆ ಕತ್ತರಿಯೊಂದೇ ದಾರಿ. ಉಚಿತವಾಗಿ ಮತ್ತೆ ಮಾಡಿಕೊಡುತ್ತೇನೆಂದಳು. ಆ ಹಿಡಿಯಲ್ಲಿ ಅರ್ಧ ಹಳೆಯ ಮೆಹೆಂದಿ ಕೂದಲೇ ಇದ್ದುದರಿಂದ ನಾನು ಬೇಡವೆಂದೆ. ಮೇಲಿನ ಪದರ ಅದನ್ನು ಮುಚ್ಚುತ್ತಿತ್ತು. ಈಗಲೂ ಅದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ.

ಮೊದಲ ಮೂರು ವಾರದಲ್ಲಿ ಅಲೆ ಕಾಲುಭಾಗದಷ್ಟು ಸಡಿಲವಾಗಿ, ಆಮೇಲೆ ಹಾಗೆಯೇ ನಿಂತಿತು. ದಿನನಿತ್ಯದ ಅಭ್ಯಾಸಗಳಲ್ಲಿ ಬದಲಾದದ್ದು ಮುಖ್ಯವಾಗಿ ಒಣಗಿಸುವ ಕ್ರಮ. ಟವೆಲಿನಿಂದ ಬಡಿದು ಒಣಗಿಸುವುದನ್ನು ಬಿಟ್ಟು, ಹಿಂಡಿ ನೀರು ತೆಗೆದು, ಅಗಲ ಹಲ್ಲಿನ ಬಾಚಣಿಗೆಯಲ್ಲಿ ಒದ್ದೆಯಿರುವಾಗಲೇ ಸಿಕ್ಕು ಬಿಡಿಸಿ, ಆರೇಳು ಹಿಡಿಗಳಾಗಿ ಬೆರಳಿಗೆ ಸುತ್ತಿ ಬಿಡುತ್ತೇನೆ. ಡ್ರೈಯರ್ ಇಲ್ಲದೆ ಹಾಗೇ ಬಿಟ್ಟು ಒಣಗಿಸಿದ ದಿನ ಅಲೆ ಅರ್ಧದಷ್ಟೇ ಬರುತ್ತದೆ. ಒಣಗಿದ ಮೇಲೆ ಬಾಚಿದರೆ ಅಲೆಯೆಲ್ಲ ಬಿಚ್ಚಿ ಪೊರಕೆಯಂತಾಗುತ್ತದೆ. ನಮ್ಮ ಮನೆಯ ಬೋರ್‌ವೆಲ್ ನೀರು ಗೀಸರಿನೊಳಗೆ ಬಿಳಿ ಪದರ ಕಟ್ಟಿಸುವಂಥದ್ದು, ಪರ್ಮ್ ಆದ ಕೂದಲು ಆ ಗಡಸನ್ನು ಮೊದಲಿಗಿಂತ ಬೇಗ ಹೀರಿ ಮಂಕಾಗತೊಡಗಿತು. ಹೇಮಾವತಿ ನೀರು ಬಿಟ್ಟ ದಿನ ಒಂದು ಬಕೆಟ್ ಹಿಡಿದಿಟ್ಟುಕೊಂಡು ಕೊನೆಯ ತೊಳೆತಕ್ಕೆ ಅದನ್ನೇ ಬಳಸಿದ್ದರಿಂದ ಬಹಳ ವ್ಯತ್ಯಾಸ ಕಂಡಿತು. ಶನಿವಾರ ಸಂಜೆ ಮಲ್ಲಿಗೆ ಮುಡಿಯಲು ಹಿಂದೆ ಹೇರ್‌ಪಿನ್ ನಿಲ್ಲದೆ ಜಾರುತ್ತಿತ್ತು. ಈಗ ದಂಡೆ ಕೂದಲಿನಲ್ಲಿ ಹಿಡಿದು ಕೂರುತ್ತದೆ. ಇದು ನಾನು ನಿರೀಕ್ಷಿಸಿರದ ಸಂತೋಷ.

ಜೂನ್ ಹಿಡಿದ ಮೇಲೆ ಮಳೆಯ ಪಾಠ. ಸಕಲೇಶಪುರದ ನೆಂಟರ ಮನೆಗೆ ಹೋದ ದಿನ ಮಂಜು ಮತ್ತು ಜಿಟಿಜಿಟಿ ಮಳೆಯ ನಡುವೆ ಅರ್ಧ ಗಂಟೆಯೊಳಗೆ ಅಲೆಗಳು ತಮ್ಮ ಗೆರೆ ಕಳೆದುಕೊಂಡು, ಕೂದಲೆಲ್ಲ ಕೆದರಿದ ಹತ್ತಿಯಂತಾಯಿತು. ಪರ್ಮ್ ಹೋಗಿಬಿಟ್ಟಿತೆಂದು ಹೆದರುವ ಅಗತ್ಯವಿಲ್ಲ, ಗಾಳಿಯ ತೇವವನ್ನು ಕೂದಲು ಹೀರಿ ಉಬ್ಬಿರುತ್ತದೆ, ಅಷ್ಟೆ. ತೊಳೆದು ಮತ್ತೆ ಸುತ್ತಿ ಒಣಗಿಸಿದರೆ ಮರಳಿ ಬರುತ್ತದೆ. ತುದಿಗಳಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಸವರಿದರೆ ಉಬ್ಬು ಕಡಿಮೆಯಾಗುತ್ತದೆ, ನಾಲ್ಕು ಹನಿಯಾದರೆ ನನ್ನ ತೆಳು ಕೂದಲು ಭಾರಕ್ಕೆ ಕುಸಿಯುತ್ತದೆ.

ನರಕ ಚತುರ್ದಶಿಯ ಎಣ್ಣೆ ಸ್ನಾನದ ಬಗ್ಗೆ ನನಗೆ ಆತಂಕವಿತ್ತು. ಎಣ್ಣೆಗೆ ಗಂಧಕದ ಕೊಂಡಿ ಬಿಚ್ಚುವ ಶಕ್ತಿಯಿಲ್ಲವಾದ್ದರಿಂದ ಪರ್ಮ್ ಅದರಿಂದ ಹೋಗುವುದಿಲ್ಲ. ತೊಂದರೆಯಿದ್ದದ್ದು ಆಮೇಲಿನ ಸೀಗೆಕಾಯಿಯ ಉಜ್ಜಾಟದಲ್ಲಿ. ಅಮ್ಮ ಪುಡಿ ಹಾಕಿ ತಿಕ್ಕಲು ಬಂದಾಗ, ಬುಡಕ್ಕೆ ಮಾತ್ರ ಹಾಕಿಸಿಕೊಂಡು ಕೆಳಗಿನ ಉದ್ದಕ್ಕೆ ತಿಳಿ ಶಾಂಪೂ ಬಳಸಿದೆ. ಎರಡು ದಿನದಲ್ಲಿ ಅಲೆ ಮೊದಲಿನಂತಾಯಿತು.

ಅಷ್ಟು ಹೊತ್ತಿಗೆ ಆರು ತಿಂಗಳಾಗುತ್ತ ಬಂದು, ಬುಡದಲ್ಲಿ ಸುಮಾರು ಏಳು ಸೆಂಟಿಮೀಟರ್ ಹೊಸ ಕೂದಲು ಹುಟ್ಟಿತ್ತು. ಅದು ನನ್ನ ಹಳೆಯ ನೇರ ಕೂದಲೇ. ಅಲೆ ಕಿವಿಯಿಂದ ಜಾರಿ ಗದ್ದದ ಮಟ್ಟಕ್ಕೆ ಇಳಿದಿತ್ತು, ನೆತ್ತಿ ಮತ್ತೆ ಚಪ್ಪಟೆಯಾಗಿ, ಕೆಳಗಿನ ಉಬ್ಬಿನ ಪಕ್ಕದಲ್ಲಿ ಮೊದಲಿಗಿಂತಲೂ ಎದ್ದು ಕಾಣುತ್ತಿತ್ತು. ಮೊದಲ ದಿನದ ಪ್ರಶ್ನೆಯ ಅರ್ಥ ಆಗ ಪೂರ್ತಿಯಾಗಿ ತಿಳಿಯಿತು. ಹಳೆಯ ಉದ್ದಕ್ಕೆ ಮತ್ತೊಮ್ಮೆ ಡಿಜಿಟಲ್ ಮಾಡಿಸಿದರೆ ಒಮ್ಮೆ ಬಿಚ್ಚಿ ಹಾಕಿದ ಕೊಂಡಿಗಳನ್ನೇ ಮತ್ತೆ ಬಿಚ್ಚಿದಂತಾಗಿ ಕೂದಲು ಸೋಲುತ್ತದೆ. ಹಾಗಾಗಿ ದೀಪಾವಳಿ ಕಳೆದ ಮೇಲೆ ತುದಿಯಲ್ಲಿ ನಾಲ್ಕು ಸೆಂ.ಮೀ. ಕತ್ತರಿಸಿಕೊಂಡು, ಬುಡಕ್ಕೆ ಮಾತ್ರ ಬಿಸಿಯಿಲ್ಲದ ಪರ್ಮ್ ಮಾಡಿಸಿದೆ. ಬೈತಲೆಯ ಮೇಲ್ಪದರವನ್ನು ಹಾಗೇ ಬಿಟ್ಟು, ಅದರ ಕೆಳಗಿನ ಆರು ಕಡೆ ಮಾತ್ರ ಹೊಸ ಕೂದಲಿಗೆ ದ್ರಾವಣ ಹಚ್ಚಿ, ಪರ್ಮ್ ಆದ ಉದ್ದಕ್ಕೆ ಕಂಡಿಷನರ್ ಬಳಿದು ಪ್ಲಾಸ್ಟಿಕ್ ಸುತ್ತಿದ್ದಳು. ಒಂದೂವರೆ ಗಂಟೆಯ ಕೆಲಸ. ಎರಡು ಮೂರು ತಿಂಗಳಲ್ಲಿ ಈ ಬಾಗು ಕೂಡ ಬೆಳೆದು ಕೆಳಗಿಳಿಯುತ್ತದೆಂದು ಅವಳು ಮೊದಲೇ ಹೇಳಿದ್ದಾಳೆ.

ಈಗ ತಲೆಗೆ ಸ್ನಾನ ಮಾಡಿ ಕನ್ನಡಿ ನೋಡಿದರೆ ನೆತ್ತಿಯ ಬಳಿ ಕೂದಲು ಬಿಲ್ಲಿನಂತೆ ಬಾಗಿ, ಕೆಳಗಿನ ಉದ್ದ ನೆಟ್ಟಗೆ ಜೋತುಬಿದ್ದಿರುತ್ತದೆ. ಒಣಗುತ್ತ ಮೇಲಿನ ಬಾಗು ಮೆತ್ತಗೆ ಸಡಿಲವಾಗಿ, ಕೆಳಗಿನ ಅಲೆ ಒಂದೊಂದಾಗಿ ಏಳುತ್ತದೆ. ಹೆಲ್ಮೆಟ್ ತೆಗೆದ ಮೇಲೆ ಬೆರಳು ಆಡಿಸಿದರೆ ಸಾಕು, ಸಂಜೆಯವರೆಗೆ ಬೈತಲೆ ಕಾಣಿಸುವುದಿಲ್ಲ.